ಮರಳು ಎಷ್ಟು ದೂರದಿಂದ ಬಂತು? ತಲಕಾಡಿನ ಮರಳಿನಲ್ಲಿ ಓದುವುದು ಹೇಗೆ

ನದಿ ಮರಳು ದೂರ ಹೋದಷ್ಟೂ ಸಣ್ಣದಾಗುತ್ತದೆ, ಒಂದೇ ಅಳತೆಗೆ ಬರುತ್ತದೆ, ದುಂಡಗಾಗುತ್ತದೆ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಹೀಗೆ. ಇದರಲ್ಲಿ ಸತ್ಯ ಇದೆ. ಆದರೆ ಈ ಮೂರನ್ನೂ ಒಂದೇ ಸಾಕ್ಷಿ ಅಂದುಕೊಂಡು ಮರಳಿನ ಮುಂದೆ ಕೂತರೆ ದಾರಿ ತಪ್ಪುತ್ತೇವೆ. ಕಣದ ಗಾತ್ರ ಹೇಳುವುದು ಅದನ್ನು ಹೊತ್ತು ತಂದ ನೀರಿಗೆ ಅಥವಾ ಗಾಳಿಗೆ ಎಷ್ಟು ಬಲವಿತ್ತು ಅನ್ನುವುದನ್ನು. ಕಣಗಳೆಲ್ಲ ಒಂದೇ ಅಳತೆಯವೋ ಬೆರಕೆಯೋ ಅನ್ನುವುದು ಹೊತ್ತು ತಂದದ್ದು ಯಾವುದು ಎಂದು ಹೇಳುತ್ತದೆ. ದುಂಡುತನ ಹೇಳುವುದು ಆ ಕಣ ಇಡೀ ಆಯಸ್ಸಿನಲ್ಲಿ ತಿಂದ ಪೆಟ್ಟಿನ ಲೆಕ್ಕವನ್ನು. ಮೂರನ್ನೂ ಬೇರೆ ಬೇರೆಯಾಗಿ ಓದಿ, ಆಮೇಲೆ ಒಟ್ಟಿಗೆ ಇಟ್ಟರೆ ಮಾತ್ರ ದೂರದ ಬಗ್ಗೆ ಏನಾದರೂ ಹೇಳಬಹುದು.

ಇದನ್ನು ಕಲಿಯಲು ತಲಕಾಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್, ಕಾವೇರಿಯ ಎಡದಂಡೆ. ಕೆಳಗೆ ನದಿಯ ಮರಳು, ಮೇಲೆ ಪಾತಾಳೇಶ್ವರ, ಮರಳೇಶ್ವರ ಗುಡಿಗಳನ್ನು ಮುಚ್ಚಿದ ದಿಬ್ಬದ ಮರಳು. ಅಲಮೇಲಮ್ಮನ ಶಾಪದ ಕತೆ ಎಲ್ಲರಿಗೂ ಗೊತ್ತು. ಆ ದಿಬ್ಬ ಎದ್ದದ್ದು ನದಿಯ ಒಣ ಪಾತ್ರದಿಂದ ಗಾಳಿ ಹೊತ್ತು ತಂದ ಮರಳಿನಿಂದ. ಅಂದರೆ ಎರಡೂ ಒಂದೇ ಮೂಲದ ಮರಳು. ಒಂದನ್ನು ನೀರು ತಂದಿದೆ, ಇನ್ನೊಂದನ್ನು ಗಾಳಿ ಒಂದೆರಡು ಕಿಲೋಮೀಟರ್ ಒಳಗೇ ಸಾಗಿಸಿದೆ. ಇವೆರಡರ ಜೊತೆಗೆ ಸಾಗಾಟವೇ ಆಗದ ಮೂರನೆಯ ಮರಳೂ ಬೇಕು. ಅದಕ್ಕೆ ಹಳೆ ಮೈಸೂರು ಸೀಮೆಯ ಯಾವುದಾದರೂ ಹೊಲದ ಬದಿಯ ಕಲ್ಲುಬಂಡೆಯ ಬುಡ ಸಾಕು. ಅಲ್ಲಿ ಬಂಡೆ ಉದುರಿ ಬಿದ್ದ ನುಚ್ಚು ಇರುತ್ತದೆ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಮಿಲಿಮೀಟರ್ ಗೆರೆಯ ಗ್ರಾಫ್ ಹಾಳೆ, ಕಪ್ಪು ಕಾಗದ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಅನುಕೂಲ, ಫೋಟೋ ತೆಗೆದು ನಿಧಾನವಾಗಿ ಎಣಿಸಬಹುದು. ಜರಡಿಗಳ ಸೆಟ್ ದುಬಾರಿ. ಸಿವಿಲ್ ಎಂಜಿನಿಯರಿಂಗ್ ಹೇಳಿಕೊಡುವ ಕಾಲೇಜು ಅಥವಾ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ 4.75, 2.36, 1.18 ಮಿ.ಮೀ., ಆಮೇಲೆ 600, 300, 150 ಮೈಕ್ರಾನ್ ಜರಡಿಗಳು ಇರುತ್ತವೆ. ಕಟ್ಟಡದ ಮರಳನ್ನು ಪರೀಕ್ಷಿಸುವ ಸೆಟ್ ಅದೇ. ನಮ್ಮ ಕೆಲಸಕ್ಕೂ ಅದು ಸರಿಹೊಂದುತ್ತದೆ.

ಹಂತ 1: ಮರಳು ತೆಗೆಯುವುದು

ಇಲ್ಲಿ ಎಡವಿದರೆ ಮುಂದಿನ ಎಲ್ಲವೂ ಹಾಳು. ನದಿ ಪಾತ್ರದ ಮೇಲ್ಪದರವನ್ನು ಹಾಗೇ ಗೋರಬೇಡಿ. ನೀರು ಇಳಿಯುವಾಗ ಸಣ್ಣ ಕಣಗಳು ತೊಳೆದು ಹೋಗಿ, ಮೇಲೆ ದಪ್ಪ ಕಣಗಳ ಒಂದು ಹೊದಿಕೆ ಉಳಿದಿರುತ್ತದೆ. ಕೈಯಿಂದ ನಾಲ್ಕು ಬೆರಳು ಆಳಕ್ಕೆ ನೇರವಾಗಿ ಕತ್ತರಿಸಿ ನೋಡಿ, ಪದರಗಳು ಕಾಣುತ್ತವೆ. ಒಂದೇ ಪದರದಿಂದ ತೆಗೆಯಿರಿ. ಒಂದು ಪದರ ಒಂದು ಬಗೆಯ ಪ್ರವಾಹದ ಗುರುತು. ಎರಡು ಪದರ ಬೆರೆಸಿದರೆ ಎರಡು ಬೇರೆ ಪ್ರವಾಹಗಳನ್ನು ಬೆರೆಸಿದಂತೆ. ಆಗ ನಿಜಕ್ಕೂ ಒಂದೇ ಅಳತೆಯ ಮರಳೂ ಬೆರಕೆಯಾಗಿ ಕಾಣುತ್ತದೆ.

ಲೆನ್ಸಿಗೆ ಒಂದು ಚಮಚ ಸಾಕು. ಜರಡಿಗೆ 100ರಿಂದ 200 ಗ್ರಾಂ ಬೇಕು. ತಲಕಾಡಿನಲ್ಲಿ ಗುಡಿಗಳ ಆವರಣದಿಂದ ಮಾತ್ರ ಏನೂ ತೆಗೆಯಬೇಡಿ, ಅದು ಸಂರಕ್ಷಿತ ಜಾಗ. ಅಲ್ಲಿ ಅಂಗೈ ಮೇಲೆ ಹಾಕಿಕೊಂಡು ಲೆನ್ಸಿನಲ್ಲಿ ನೋಡಿ, ಮತ್ತೆ ಅಲ್ಲೇ ಸುರಿದುಬಿಡಿ. ಜರಡಿಗೆ ಬೇಕಾದ ಮರಳನ್ನು ಆವರಣದ ಹೊರಗಿನ ದಿಬ್ಬದಲ್ಲಿ ಅಲ್ಲಿನವರನ್ನು ಕೇಳಿ ತೆಗೆದುಕೊಳ್ಳಿ. ದಾರಿಯ ಮೇಲಿನದು ಬೇಡ, ಸಾವಿರಾರು ಜನ ತುಳಿದು ಮಣ್ಣು ಸೇರಿಸಿರುತ್ತಾರೆ. ಪೊಟ್ಟಣದ ಮೇಲೆ ಜಾಗ, ಪದರದ ಆಳ, ಹತ್ತಿರದಲ್ಲಿ ಯಾವ ಹಳ್ಳ ಸೇರುತ್ತದೆ ಅನ್ನುವುದನ್ನು ಆಗಲೇ ಬರೆಯಿರಿ.

ಹಂತ 2: ತೊಳೆದು ಒಣಗಿಸುವುದು

ಮರಳಿಗೆ ನೀರು ಹಾಕಿ ಕಲಕಿ, ಹತ್ತೆಣಿಸುವಷ್ಟು ಹೊತ್ತು ಬಿಟ್ಟು ಮೇಲಿನ ಬಗ್ಗಡ ಚೆಲ್ಲಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ಅಂಗೈಯಲ್ಲಿ ಉಜ್ಜಬೇಡಿ. ಬಂಡೆಯ ಬುಡದ ನುಚ್ಚಿನಲ್ಲಿ ಅರ್ಧ ಕೊಳೆತ ಕಣಗಳು ಇರುತ್ತವೆ, ಉಜ್ಜಿದರೆ ಪುಡಿಯಾಗಿ ಗಾತ್ರದ ಲೆಕ್ಕವೇ ಬದಲಾಗುತ್ತದೆ. ಎಷ್ಟು ಬಗ್ಗಡ ಹೋಯಿತು ಅನ್ನುವುದೂ ಒಂದು ಸುಳಿವು. ಬಂಡೆಯ ಬುಡದ್ದರಲ್ಲಿ ಜಾಸ್ತಿ, ದಿಬ್ಬದ್ದರಲ್ಲಿ ಬಹಳ ಕಡಿಮೆ ಇರಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ತೇವ ಉಳಿದರೆ ಸಣ್ಣ ಕಣಗಳು ದೊಡ್ಡವಕ್ಕೆ ಅಂಟಿಕೊಂಡು ಜರಡಿ ಇಳಿಯುವುದಿಲ್ಲ.

ಹಂತ 3: ಗಾತ್ರ ಮತ್ತು ಬೆರಕೆ

ದೊಡ್ಡ ಕಣ್ಣಿನ ಜರಡಿ ಮೇಲೆ, ಸಣ್ಣ ಕಣ್ಣಿನದು ಕೆಳಗೆ, ಎಲ್ಲಕ್ಕಿಂತ ಕೆಳಗೆ ತಟ್ಟೆ. 100 ಗ್ರಾಂ ಸುರಿದು ಹತ್ತು ನಿಮಿಷ ಅಲ್ಲಾಡಿಸಿ. ಆಮೇಲೆ ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿ. ಎಲ್ಲ ಕೂಡಿಸಿದಾಗ 98 ಗ್ರಾಂಗಿಂತ ಕಡಿಮೆ ಬಂದರೆ ಎಲ್ಲೋ ಚೆಲ್ಲಿದೆ ಅಥವಾ ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ, ಮತ್ತೆ ಮಾಡಿ.

ಲೆಕ್ಕ ಹೇಗೆ ಅಂತ ತೋರಿಸಲು ಒಂದು ಮಾದರಿ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ಮರಳಿನದು ಬೇರೆ ಬರುತ್ತದೆ. ನದಿ ಪಾತ್ರದ ಮರಳಿನಲ್ಲಿ 2.36ರ ಜರಡಿಯಲ್ಲಿ 4 ಗ್ರಾಂ ಉಳಿಯಿತು ಅನ್ನಿ. 1.18ರಲ್ಲಿ 18, 600 ಮೈಕ್ರಾನ್‌ನಲ್ಲಿ 38, 300ರಲ್ಲಿ 27, 150ರಲ್ಲಿ 10, ತಟ್ಟೆಯಲ್ಲಿ 3. ಈಗ ಪ್ರತಿ ಜರಡಿಯಿಂದ ಎಷ್ಟು ಕೆಳಗೆ ಇಳಿಯಿತು ಅಂತ ಬರೆದುಕೊಳ್ಳಿ. 2.36ರಿಂದ 96, 1.18ರಿಂದ 78, 600ರಿಂದ 40, 300ರಿಂದ 13, 150ರಿಂದ 3. ಗ್ರಾಫಿನಲ್ಲಿ ಅಡ್ಡಕ್ಕೆ ಜರಡಿಯ ಕಣ್ಣು, ಉದ್ದಕ್ಕೆ ಇಳಿದ ಪ್ರಮಾಣ ಹಾಕಿ. ಜರಡಿಯ ಕಣ್ಣುಗಳು ಒಂದಕ್ಕೊಂದು ಅರ್ಧದಷ್ಟು ಇರುವುದರಿಂದ ಅಡ್ಡಗೆರೆಯಲ್ಲಿ ಅವುಗಳನ್ನು ಸಮ ದೂರದಲ್ಲಿ ಇಡಿ. ಗೆರೆ ಎಳೆದು ಮೂರು ಜಾಗ ಓದಿ. 50 ಗ್ರಾಂ ಇಳಿಯುವ ಗಾತ್ರ ಸುಮಾರು 0.7 ಮಿ.ಮೀ. ಇದು ಮರಳಿನ ನಡುಗಾತ್ರ. 75 ಗ್ರಾಂ ಇಳಿಯುವುದು 1.1 ಮಿ.ಮೀ. ಹತ್ತಿರ. 25 ಗ್ರಾಂ ಇಳಿಯುವುದು 0.4ರ ಹತ್ತಿರ.

ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 1.1 ಭಾಗಿಸು 0.4 ಅಂದರೆ 2.75, ಅದರ ವರ್ಗಮೂಲ ಸುಮಾರು 1.66. ಅಮೆರಿಕದ ಪಾರ್ಕರ್ ಟ್ರ್ಯಾಸ್ಕ್ 1932ರಲ್ಲಿ ಬಳಕೆಗೆ ತಂದ ಅಳತೆ ಇದು. ಎಲ್ಲ ಕಣವೂ ಒಂದೇ ಗಾತ್ರದವಾದರೆ ಉತ್ತರ 1 ಬರುತ್ತದೆ. ಬೆರಕೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ವಿಧಾನಗಳು ಆಮೇಲೆ ಬಂದಿವೆ. ಆದರೆ ಮೂರು ಮರಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಇದು ಸಾಕು, ಲೆಕ್ಕವೂ ಸುಲಭ.

ಇದೇ ಲೆಕ್ಕವನ್ನು ದಿಬ್ಬದ ಮರಳಿಗೆ ಮಾಡಿ. 600ರಲ್ಲಿ 6, 300ರಲ್ಲಿ 62, 150ರಲ್ಲಿ 30, ತಟ್ಟೆಯಲ್ಲಿ 2 ಗ್ರಾಂ ಉಳಿದರೆ ನಡುಗಾತ್ರ 0.37 ಮಿ.ಮೀ. ಹತ್ತಿರ, ಬೆರಕೆಯ ಅಂಕಿ 1.4. ಬಂಡೆಯ ಬುಡದ ನುಚ್ಚು ಎಲ್ಲ ಜರಡಿಯಲ್ಲೂ ಹರಡಿಕೊಳ್ಳುತ್ತದೆ. 4.75ರಲ್ಲಿ 15, 2.36ರಲ್ಲಿ 22, 1.18ರಲ್ಲಿ 21, ಕೆಳಗಿನವುಗಳಲ್ಲಿ ಕ್ರಮವಾಗಿ 15, 11, 8, ತಟ್ಟೆಯಲ್ಲಿ 8 ಅಂದುಕೊಂಡರೆ ನಡುಗಾತ್ರ 1.5, ಬೆರಕೆಯ ಅಂಕಿ 2.6.

ಮೂರು ಅಂಕಿ ಸಾಲಾಗಿ ಇಡಿ: 2.6, 1.66, 1.4. ಇದನ್ನು ನೋಡಿದ ಕೂಡಲೇ ದಿಬ್ಬದ ಮರಳೇ ಎಲ್ಲಕ್ಕಿಂತ ದೂರ ಬಂದಿದೆ ಅನ್ನಬೇಕು ಅನಿಸುತ್ತದೆ ಅಲ್ವಾ? ಎರಡನೆಯ ಅಂಕಿಗೂ ಮೂರನೆಯದಕ್ಕೂ ನಡುವೆ ಇರುವುದು ಒಂದೆರಡು ಕಿಲೋಮೀಟರ್ ಒಳಗಿನ ದಾರಿ ಅಷ್ಟೇ. ಗಾಳಿಗೆ 1 ಮಿ.ಮೀ. ದಪ್ಪದ ಕಣವನ್ನು ಎತ್ತಿ ಹಾರಿಸುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ, ಅದು ನದಿಯಲ್ಲೇ ಉಳಿಯುತ್ತದೆ. ತೀರ ನುಣ್ಣಗಿನ ದೂಳು ದಿಬ್ಬದ ಮೇಲೆ ನಿಲ್ಲದೆ ಮುಂದೆ ಹಾರಿಹೋಗುತ್ತದೆ. ನಡುವಿನವು ಕುಪ್ಪಳಿಸುತ್ತಾ ಬಂದು ದಿಬ್ಬವಾಗುತ್ತವೆ. ಆರಿಸುವ ಕೆಲಸ ಗಾಳಿಯದು, ಕೆಲವು ನೂರು ಮೀಟರಿನಲ್ಲೇ ಮುಗಿಯುತ್ತದೆ. ಆದ್ದರಿಂದ ಒಂದೇ ಅಳತೆಯ ಮರಳು ಕಂಡರೆ ‘ದೂರದ್ದು’ ಅಂತ ಬರೆಯಬೇಡಿ. ‘ಗಾಳಿ ಅಥವಾ ಅಲೆ ಆರಿಸಿದ್ದು ಇರಬಹುದು’ ಅಂತ ಬರೆಯಿರಿ.

ಜರಡಿ ಸಿಗದಿದ್ದರೆ? ಮರಳನ್ನು ಗ್ರಾಫ್ ಹಾಳೆ ಮೇಲೆ ತೆಳ್ಳಗೆ ಉದುರಿಸಿ ಫೋಟೋ ತೆಗೆಯಿರಿ. ಗೆರೆಗಳು ಒಂದನ್ನೊಂದು ಕತ್ತರಿಸುವ ಮೂಲೆಯ ಮೇಲೆ ಯಾವ ಕಣ ಇದೆಯೋ ಅದನ್ನೇ ಅಳೆಯಿರಿ. ನಿಮಗೆ ಬೇಕಾದದ್ದನ್ನು ಆರಿಸಿದರೆ ಕಣ್ಣು ಸುಮ್ನೆ ದೊಡ್ಡ, ಹೊಳೆಯುವ ಕಣಗಳ ಕಡೆಗೇ ಹೋಗುತ್ತದೆ. 100 ಕಣ ಅಳೆದರೆ ಹೋಲಿಕೆಗೆ ಸಾಕು. ಆದರೆ ಎಣಿಸಿದ ಲೆಕ್ಕವನ್ನು ತೂಗಿದ ಲೆಕ್ಕದ ಜೊತೆ ಹೋಲಿಸಬೇಡಿ, ಎರಡೂ ಬೇರೆ.

ಹಂತ 4: ದುಂಡುತನ

ಇಲ್ಲಿ ಆತುರ ಬೇಡ. ಮೊದಲು ಒಂದೇ ಗಾತ್ರದ ಕಣಗಳನ್ನು ಬೇರೆ ಮಾಡಿ. 300ರ ಜರಡಿಯಲ್ಲಿ ಉಳಿದದ್ದು, ಅಂದರೆ 0.3ರಿಂದ 0.6 ಮಿ.ಮೀ. ಒಳಗಿನದು, ಮೂರು ಮರಳಿನಲ್ಲೂ ಸಿಗುತ್ತದೆ. ದೊಡ್ಡ ಕಣ ಬೇಗ ಸವೆಯುತ್ತದೆ, ಸಣ್ಣದು ನಿಧಾನ. ಹಾಗಾಗಿ ಒಂದು ಕಡೆಯ ದಪ್ಪ ಕಣವನ್ನು ಇನ್ನೊಂದು ಕಡೆಯ ಸಣ್ಣ ಕಣದ ಜೊತೆ ಹೋಲಿಸಿದರೆ ಅರ್ಥ ಇರುವುದಿಲ್ಲ.

ಆಮೇಲೆ ಒಂದೇ ಖನಿಜ ಆರಿಸಿ. ಕಪ್ಪು ಕಾಗದದ ಮೇಲೆ ಹರಡಿ ಲೆನ್ಸಿನಲ್ಲಿ ನೋಡಿದರೆ ಬೆಣಚುಕಲ್ಲು ಒಡೆದ ಗಾಜಿನ ಹಾಗೆ ತಿಳಿಯಾಗಿ ಕಾಣುತ್ತದೆ, ಅದಕ್ಕೆ ಚಪ್ಪಟೆ ಮುಖ ಇರುವುದಿಲ್ಲ. ಫೆಲ್ಡ್‌ಸ್ಪಾರ್ ಹಾಲಿನ ಬಣ್ಣ ಅಥವಾ ನಸುಗೆಂಪು. ಕಾಗದ ಓರೆ ಮಾಡಿದಾಗ ಅದರ ಚಪ್ಪಟೆ ಮುಖ ಫಳ್ಳನೆ ಹೊಳೆದು ಮಾಯವಾಗುತ್ತದೆ. ತೆಳ್ಳಗೆ ಹಾಳೆ ಹಾಳೆಯಾಗಿರುವುದು ಅಭ್ರಕ. ದುಂಡುತನಕ್ಕೆ ಬೆಣಚುಕಲ್ಲಿನ 50 ಕಣ ತೆಗೆದುಕೊಳ್ಳಿ.

ಇನ್ನು ನೋಡಬೇಕಾದ್ದು ಮೂಲೆಗಳನ್ನು, ಒಟ್ಟು ಆಕಾರವನ್ನಲ್ಲ. ಉದ್ದನೆಯ ಕಣದ ಮೂಲೆಗಳು ನಯವಾಗಿ ಸವೆದಿರಬಹುದು. ಅದು ದುಂಡು. ಚೆಂಡಿನಂತೆ ಎಲ್ಲ ಕಡೆ ಸಮ ಇದ್ದರೂ ಅಂಚು ಚೂಪಾಗಿದ್ದರೆ ಅದು ದುಂಡಲ್ಲ. ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲೇ ಜಾಸ್ತಿ. ಭೂವಿಜ್ಞಾನಿಗಳು 1953ರಲ್ಲಿ ಪವರ್ಸ್ ಮಾಡಿಕೊಟ್ಟ ಆರು ದರ್ಜೆಯ ಚಿತ್ರಪಟ್ಟಿ ಬಳಸುತ್ತಾರೆ, ತೀರ ಚೂಪಾದದ್ದರಿಂದ ಪೂರ್ತಿ ದುಂಡಾದದ್ದರವರೆಗೆ. ನೀವು ನಾಲ್ಕು ದರ್ಜೆ ಇಟ್ಟುಕೊಳ್ಳಬಹುದು: ಅಂಚು ಕುಯ್ಯುವಷ್ಟು ಚೂಪು, ಅಂಚು ಸ್ವಲ್ಪ ಮೊಂಡು, ಮೂಲೆ ಸವೆದಿದೆ ಆದರೆ ಮುಖಗಳು ಗುರುತು ಸಿಗುತ್ತವೆ, ಮೂಲೆ ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಪೊಟ್ಟಣದ ಹೆಸರು ನೋಡದೆ ಎಣಿಸಲಿ. ಯಾವ ಮರಳು ಅಂತ ಗೊತ್ತಿದ್ದರೆ ನಿರೀಕ್ಷೆಯೇ ಕೈಯನ್ನು ಎಳೆಯುತ್ತದೆ.

ತಲಕಾಡಿನಲ್ಲಿ ಏನು ನಿರೀಕ್ಷಿಸಬೇಕು? ನದಿ ಮರಳಿಗೂ ದಿಬ್ಬದ ಮರಳಿಗೂ ಬೆಣಚುಕಲ್ಲಿನ ದುಂಡುತನದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯಪಡಬೇಡಿ. ಬೆಣಚುಕಲ್ಲು ಗಟ್ಟಿ. ನೀರಿನಲ್ಲಿ ಎರಡು ಸಣ್ಣ ಕಣ ಡಿಕ್ಕಿ ಹೊಡೆಯುವಾಗ ನಡುವಿನ ನೀರೇ ಪೆಟ್ಟನ್ನು ತಡೆಯುತ್ತದೆ. ಗಾಳಿಯಲ್ಲಿ ಆ ತಡೆ ಇಲ್ಲ. ಡಚ್ ವಿಜ್ಞಾನಿ ಫಿಲಿಪ್ ಕ್ಯೂನೆನ್ 1950ರ ದಶಕದ ಕೊನೆಯಲ್ಲಿ ಪ್ರಯೋಗ ಮಾಡಿ, ಒಂದೇ ದೂರಕ್ಕೆ ಗಾಳಿಯ ಸವೆತ ನದಿಯದಕ್ಕಿಂತ ನೂರರಿಂದ ಸಾವಿರ ಪಟ್ಟು ಹೆಚ್ಚು ಅಂತ ಕಂಡುಕೊಂಡರು. ಅದಕ್ಕೂ ಮೊದಲೇ, 1937ರಲ್ಲಿ, ರಸೆಲ್ ಮತ್ತು ಟೇಲರ್ ಮಿಸಿಸಿಪ್ಪಿ ನದಿಯ ಮರಳನ್ನು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಿಂಬಾಲಿಸಿ ನೋಡಿದ್ದರು. ಕೆಳಗೆ ಹೋದಂತೆ ಕಣ ದುಂಡಗಾಗಲಿಲ್ಲ, ಸ್ವಲ್ಪ ಚೂಪೇ ಆಯಿತು. ಹಾಗಿದ್ದಮೇಲೆ ಕಾವೇರಿಯ ಕೆಲವು ನೂರು ಕಿಲೋಮೀಟರ್ ಬೆಣಚುಕಲ್ಲಿನ ಮೂಲೆಯನ್ನು ಎಷ್ಟು ತಾನೇ ಸವೆಸೀತು? ದಿಬ್ಬದ ಕಡೆ ಗಾಳಿಯ ಪೆಟ್ಟು ಬಲವಾದದ್ದೇ, ಆದರೆ ದಾರಿ ತೀರ ಚಿಕ್ಕದು.

ಹಂತ 5: ದೂರಕ್ಕೆ ನಿಜವಾದ ಸಾಕ್ಷಿ ಎಲ್ಲಿದೆ

ನನ್ನ ಅಭಿಪ್ರಾಯದಲ್ಲಿ ನದಿ ಮರಳಿನ ದೂರ ಓದಲು ಬೆಣಚುಕಲ್ಲಿಗಿಂತ ಫೆಲ್ಡ್‌ಸ್ಪಾರ್ ನಂಬಿಕಸ್ಥ. ಅದಕ್ಕೆ ಸುಲಭವಾಗಿ ಸೀಳುವ ಮುಖಗಳಿವೆ. ಜೊತೆಗೆ ನಮ್ಮ ಬಿಸಿಲು ಮಳೆಗೆ ಅದು ಕೊಳೆತು ಜೇಡಿಯಾಗುತ್ತದೆ. ಬಂಡೆಯ ಬುಡದಲ್ಲಿ ಫೆಲ್ಡ್‌ಸ್ಪಾರ್ ಧಾರಾಳವಾಗಿರುತ್ತದೆ. ನದಿ ಮರಳಿನಲ್ಲಿ ಎಷ್ಟು ಉಳಿದಿದೆ ಅಂತ 100 ಕಣದಲ್ಲಿ ಎಣಿಸಿ. ಹೊಳೆಯುವ ಮುಖದ, ಮೂಲೆ ಚೂಪಾದ ಫೆಲ್ಡ್‌ಸ್ಪಾರ್ ಸಿಕ್ಕರೆ ಅದರ ತವರು ಹತ್ತಿರದಲ್ಲೇ ಇದೆ ಅನ್ನಬಹುದು. ಮಂಕಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ದೂರದಿಂದ ಬಂದಿದೆ ಅಂತ ಮಾತ್ರ ತೀರ್ಮಾನಿಸಬೇಡಿ. ಬಂಡೆಯಲ್ಲೇ ಕೊಳೆತಿರಬಹುದು, ದಂಡೆಯ ಮಣ್ಣಿನಲ್ಲಿ ನೂರಾರು ವರ್ಷ ಕೂತು ಕೊಳೆತಿರಲೂಬಹುದು.

ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತದೆ ನಿಜ. ತಲಕಾಡಿನ ಮರಳು ಅಲ್ಲಿಂದಲೇ ಬಂತು ಅನ್ನಲಾಗದು. ಸ್ವಲ್ಪ ಮೇಲೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಸೇರುತ್ತಾಳೆ, ತನ್ನ ಮರಳನ್ನೂ ತರುತ್ತಾಳೆ. ಚಿಕ್ಕ ಹಳ್ಳಗಳು ಪಕ್ಕದ ಹೊಲಗಳಿಂದ ಹೊಸ ನುಚ್ಚು ಸುರಿಯುತ್ತವೆ. 1930ರ ದಶಕದಿಂದ ಕನ್ನಂಬಾಡಿ ಕಟ್ಟೆ, 1970ರ ದಶಕದಿಂದ ಕಬಿನಿ ಅಣೆಕಟ್ಟು ಮೇಲಿನ ಮರಳನ್ನು ಹಿಡಿದಿಟ್ಟುಕೊಂಡಿವೆ. ಹಾಗಾಗಿ ಒಂದು ಹಿಡಿ ಮರಳಿಗೆ ಒಂದೇ ದೂರ ಅನ್ನುವುದು ಇಲ್ಲ. ಹಳ್ಳ ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿ ತೆಗೆದು ನೋಡಿ. ಕೆಳಗಿನದರಲ್ಲಿ ಗಾತ್ರ ಮತ್ತೆ ದಪ್ಪವಾಗಿದ್ದು ಚೂಪು ಕಣ ಹೆಚ್ಚಿದ್ದರೆ ಆ ಹಳ್ಳವೇ ಕಾರಣ.

ಕಿಲೋಮೀಟರ್ ಲೆಕ್ಕದಲ್ಲೇ ದೂರ ಬೇಕು ಅಂದರೆ ಮರಳು ಬಿಟ್ಟು ಉಂಡೆಕಲ್ಲು ನೋಡಿ. ಮುಷ್ಟಿ ಗಾತ್ರದ ಕಲ್ಲಿನ ಪೆಟ್ಟನ್ನು ನೀರು ತಡೆಯಲಾರದು. ಆದ್ದರಿಂದ ಅದರ ಮೂಲೆಗಳು ಕೆಲವೇ ಕಿಲೋಮೀಟರಿನಲ್ಲಿ ಸವೆಯಲು ಶುರುವಾಗುತ್ತವೆ. ಹೊಲದ ಬಂಡೆಯಿಂದ ಹಳ್ಳಕ್ಕೆ ಬಿದ್ದ ಕಲ್ಲನ್ನು ಹಳ್ಳದ ದಾರಿಯಲ್ಲೇ ಕೆಳಗೆ ಕೆಳಗೆ ನೋಡುತ್ತಾ ಹೋದರೆ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಒಂದೇ ಜಾತಿಯ ಕಲ್ಲನ್ನೇ ಹೋಲಿಸಬೇಕು, ಅಷ್ಟು ನೆನಪಿರಲಿ.

ಮೋಸ ಮಾಡುವ ಮರಳು

ಪಾತ್ರದಲ್ಲೋ ದಂಡೆಯಲ್ಲೋ ಎಲ್ಲ ಕಣವೂ ಕತ್ತಿಯಂತೆ ಚೂಪಾಗಿದ್ದು, ಜೊತೆಗೆ ಬೂದಿಬಣ್ಣದ ಕಲ್ಲುಪುಡಿ ಸೇರಿದ್ದರೆ ಹತ್ತಿರದಲ್ಲಿ ಕಟ್ಟಡ ಕೆಲಸ ನಡೆದಿದೆಯಾ ನೋಡಿ. ಎಂ-ಸ್ಯಾಂಡ್ ಅಂದರೆ ಕ್ರಷರ್‌ನಲ್ಲಿ ಒಡೆದ ಕಲ್ಲು, ಅದು ಲಾರಿಯಲ್ಲಿ ಬಂದದ್ದು.

ಇದಕ್ಕಿಂತ ಕಷ್ಟದ್ದು ಬಾದಾಮಿಯ ಮರಳು. ಅಲ್ಲಿನ ಕೆಂಪು ಬಂಡೆಯ ಬುಡದಲ್ಲಿ ಒಂದು ಹಿಡಿ ತೆಗೆದರೆ ಹೆಚ್ಚಿನ ಕಣಗಳು ಬೆಣಚುಕಲ್ಲು, ಮೂಲೆ ಸವೆದವು, ಗಾತ್ರವೂ ಹೆಚ್ಚು ಕಡಿಮೆ ಸಮ. ಮೇಲಿನ ಪಾಠದಂತೆ ಓದಿದರೆ ಬಹುದೂರ ಬಂದ ಮರಳು ಅನ್ನಬೇಕಾಗುತ್ತದೆ. ಅದು ಮೇಲಿನ ಬಂಡೆಯಿಂದ ಉದುರಿ ಕೆಲವೇ ಮೀಟರ್ ಬಂದಿರುತ್ತದೆ. ಆ ಬಂಡೆಯೇ ಮರಳುಗಲ್ಲು. ಕಣಗಳು ಸವೆದದ್ದು ಕೋಟ್ಯಂತರ ವರ್ಷಗಳ ಹಿಂದೆ, ಬೇರೆ ನದಿ ಬೇರೆ ಗಾಳಿಯಲ್ಲಿ. ಮಲಪ್ರಭೆ ಆ ಸೀಮೆಯಲ್ಲೇ ಹರಿಯುವುದರಿಂದ ಅದರ ಮರಳಿನಲ್ಲೂ ಇಂಥ ಹಳೆಯ ಕಣ ಸೇರಿಕೊಂಡಿರುತ್ತವೆ.

ಇದನ್ನು ಹಿಡಿಯಲು ಲೆನ್ಸಿನಲ್ಲಿ ಕಣದ ಮೈ ನೋಡಿ. ಕಣಗಳನ್ನು ಬಂಡೆಯಾಗಿ ಹಿಡಿದಿಟ್ಟಿದ್ದ ಕೆಂಪು ಅಂಟು ಕೆಲವು ಕಣದ ಮೇಲೆ ಇನ್ನೂ ಮೆತ್ತಿಕೊಂಡಿರುತ್ತದೆ, ಎರಡು ಮೂರು ಕಣ ಒಟ್ಟಿಗೆ ಅಂಟಿಕೊಂಡ ಗುಡ್ಡೆಗಳೂ ಸಿಗುತ್ತವೆ. ದುಂಡು ಕಣದ ಒಂದು ಕಡೆ ಮಾತ್ರ ಹೊಸದಾಗಿ ಒಡೆದ ಚೂಪು ಮುಖ ಇದ್ದರೆ ಅದೂ ಹಳೆ ಕಣದ ಗುರುತು. ಬುಡದಲ್ಲಿ ತಾನಾಗಿ ಬಿದ್ದ ಬಂಡೆಯ ಚೂರಿದ್ದರೆ ಅದರ ಕಣಗಳನ್ನೂ ಅಲ್ಲೇ ಲೆನ್ಸಿನಲ್ಲಿ ನೋಡಿ, ಮರಳಿನ ಕಣದ ಪಕ್ಕದಲ್ಲಿಟ್ಟು. ಎರಡರ ದುಂಡುತನವೂ ಒಂದೇ ಆಗಿದ್ದರೆ ನಿಮ್ಮ ಪೊಟ್ಟಣದ ಮೇಲೆ ‘ದುಂಡು, ಬಂಡೆಯಿಂದಲೇ ಬಂದದ್ದು’ ಅಂತ ಬರೆಯಿರಿ, ದೂರದ ಜಾಗ ಖಾಲಿ ಬಿಡಿ.